ಹಳೆಯ ಸುದ್ದಿಗೆ ಹೊಸ ಬೆಲೆ

1998ರ ಮೇ 3, ಭಾನುವಾರ. ಅಂದಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಕ್ಯಾನ್ಸರ್ ಕುರಿತ ಒಂದು ವರದಿ ಬಂತು. ಬೋಸ್ಟನ್ನಿನ ವೈದ್ಯವಿಜ್ಞಾನಿ ಜುಡಾ ಫೋಕ್‌ಮನ್ ಅವರ ಪ್ರಯೋಗಾಲಯದಲ್ಲಿ ಎರಡು ಪ್ರೋಟೀನುಗಳು ಇಲಿಗಳ ಗಡ್ಡೆಗಳನ್ನು ಕುಗ್ಗಿಸಿವೆ, ಗಡ್ಡೆಗೆ ರಕ್ತ ಒದಗಿಸುವ ನಾಳಗಳು ಬೆಳೆಯದಂತೆ ಅವು ತಡೆಯುತ್ತವೆ ಎಂಬುದು ವರದಿಯ ಸಾರ. ಆ ಪ್ರೋಟೀನುಗಳನ್ನು ಔಷಧಿಯಾಗಿ ಮಾರುವ ಹಕ್ಕು ಇದ್ದದ್ದು ಮೇರಿಲ್ಯಾಂಡ್ ರಾಜ್ಯದ ಎಂಟ್ರಿಮೆಡ್ ಎಂಬ ಸಣ್ಣ ಕಂಪನಿಯ ಬಳಿ. ಶುಕ್ರವಾರ ಷೇರುಪೇಟೆ ಬಾಗಿಲು ಹಾಕಿದಾಗ ಅದರ ಷೇರಿನ ಬೆಲೆ 12 ಡಾಲರ್ ಚಿಲ್ಲರೆ. ಸೋಮವಾರ ಬೆಳಿಗ್ಗೆ ವಹಿವಾಟು ಶುರುವಾದದ್ದು 85 ಡಾಲರಿಗೆ. ದಿನದ ಕೊನೆಗೆ ನಿಂತದ್ದು 52ರ ಆಸುಪಾಸಿನಲ್ಲಿ.

ಕ್ಯಾನ್ಸರಿಗೆ ಮದ್ದು ಸಿಗಬಹುದು ಎಂಬ ಸುದ್ದಿ ಬಂದರೆ ಆ ಮದ್ದಿನ ಕಂಪನಿಯ ಷೇರು ಏರುವುದು ಸಹಜ. ತೊಡಕು ಬೇರೆ ಕಡೆ ಇದೆ. ಆ ಸುದ್ದಿ ಹೊಸದಾಗಿರಲಿಲ್ಲ. ಫೋಕ್‌ಮನ್ ತಂಡದ ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ಐದು ತಿಂಗಳ ಹಿಂದೆಯೇ, 1997ರ ನವೆಂಬರಿನಲ್ಲಿ ಪ್ರಕಟವಾಗಿತ್ತು. ಅದೇ ನ್ಯೂಯಾರ್ಕ್ ಟೈಮ್ಸ್ ಕೂಡ ಆಗ ಅದನ್ನು ವರದಿ ಮಾಡಿತ್ತು, ಆದರೆ ಒಳಪುಟದಲ್ಲಿ. ಟಿವಿಯಲ್ಲೂ ಬಂದಿತ್ತು. ಅಂದು ಷೇರು 12ರ ಹತ್ತಿರದಿಂದ 15 ಡಾಲರ್ ದಾಟಿತು, ಆಮೇಲೆ ತಿಂಗಳುಗಳಲ್ಲಿ ಮತ್ತೆ ಮೊದಲಿನ ಮಟ್ಟಕ್ಕೇ ಇಳಿಯಿತು. ಮೇ ತಿಂಗಳ ವರದಿಯಲ್ಲಿ ಹೂಡಿಕೆದಾರನಿಗೆ ತಿಳಿಯಬೇಕಾದ ಹೊಸ ವೈಜ್ಞಾನಿಕ ಸಂಗತಿ ಏನೂ ಇರಲಿಲ್ಲ. ಒಳಪುಟದಿಂದ ಮುಖಪುಟಕ್ಕೆ ಬಂದದ್ದಷ್ಟೇ ಹೊಸದು.

ಇಷ್ಟಕ್ಕೇ ಬೆಲೆ ನಾಲ್ಕು ಪಟ್ಟಿಗಿಂತ ಹೆಚ್ಚಾಯಿತು. ಒಂದು ದಿನದ ಉನ್ಮಾದವಾಗಿದ್ದರೆ ಮರುದಿನವೋ ಮರುವಾರವೋ ಇಳಿದುಹೋಗಬೇಕಿತ್ತು. ಹಾಗಾಗಲಿಲ್ಲ, ಮುಂದಿನ ಮೂರು ವಾರ ಅದು 30 ಡಾಲರಿಗಿಂತ ಮೇಲೆಯೇ ಇತ್ತು. ಆ ಸೋಮವಾರ ಫೋಕ್‌ಮನ್ನರಿಗೆ ಸಂಬಂಧವೇ ಇಲ್ಲದ ಬೇರೆ ಜೈವಿಕ ತಂತ್ರಜ್ಞಾನ ಕಂಪನಿಗಳ ಷೇರುಗಳೂ ಏರಿದವು. ನವೆಂಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಬೇರೆ ಪ್ರಯೋಗಾಲಯಗಳಿಗೆ ಫೋಕ್‌ಮನ್ ಫಲಿತಾಂಶವನ್ನು ಮರಳಿ ಪಡೆಯಲಾಗಿಲ್ಲ ಎಂದು ಮುಖಪುಟದಲ್ಲಿ ಬರೆಯಿತು. ಒಂದೇ ದಿನದಲ್ಲಿ ಎಂಟ್ರಿಮೆಡ್ ಷೇರು ಸುಮಾರು ಕಾಲು ಭಾಗ ಕುಸಿಯಿತು. ಕುಸಿದು ನಿಂತದ್ದು ಎಲ್ಲಿ? 25 ಡಾಲರ್ ಹತ್ತಿರ. ಅಂದರೆ ಆ ಮೇ ತಿಂಗಳ ಶುಕ್ರವಾರದ ಬೆಲೆಯ ಎರಡು ಪಟ್ಟಿನಲ್ಲಿ. ಈ ಇಡೀ ಪ್ರಕರಣವನ್ನು ಗುರ್ ಹ್ಯೂಬರ್ಮನ್ ಮತ್ತು ತೋಮರ್ ರೆಗೆವ್ ಎಂಬ ಇಬ್ಬರು 2001ರಲ್ಲಿ ಬಿಡಿಬಿಡಿಯಾಗಿ ದಾಖಲಿಸಿದರು. ಅರ್ಥಶಾಸ್ತ್ರದ ಒಂದು ದೊಡ್ಡ ನಂಬಿಕೆಗೆ ಇದು ನೇರವಾಗಿ ಎದುರು ನಿಲ್ಲುತ್ತದೆ ಎಂಬ ಕಾರಣಕ್ಕೆ ಅವರ ಲೇಖನ ಇವತ್ತಿಗೂ ಓದಬೇಕಾದದ್ದು.

ಆ ನಂಬಿಕೆಯ ಹೆಸರು ದಕ್ಷ ಮಾರುಕಟ್ಟೆ ಸಿದ್ಧಾಂತ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಫಾಮಾ 1970ರಲ್ಲಿ ಅದಕ್ಕೊಂದು ಅಚ್ಚುಕಟ್ಟಾದ ರೂಪ ಕೊಟ್ಟರು. ಷೇರಿನ ಬೆಲೆಯಲ್ಲಿ ಲಭ್ಯವಿರುವ ಮಾಹಿತಿಯೆಲ್ಲ ಆಗಲೇ ಸೇರಿಹೋಗಿರುತ್ತದೆ ಎಂಬುದು ಅದರ ತಿರುಳು. ‘ಮಾಹಿತಿಯೆಲ್ಲ’ ಎಂದರೆ ಎಷ್ಟು ಎಂಬುದರ ಮೇಲೆ ಮೂರು ಮೆಟ್ಟಿಲು. ದುರ್ಬಲ ರೂಪದಲ್ಲಿ ಹಿಂದಿನ ಬೆಲೆಗಳಷ್ಟೇ ಲೆಕ್ಕಕ್ಕೆ: ನಿನ್ನೆ ಮೊನ್ನೆಯ ಏರಿಳಿತದ ಚಾರ್ಟ್ ನೋಡಿ ನಾಳೆಯ ಬೆಲೆ ಹೇಳಲಾಗದು. ಅರೆ-ಪ್ರಬಲ ರೂಪದಲ್ಲಿ ಪ್ರಕಟವಾದದ್ದೆಲ್ಲ ಲೆಕ್ಕಕ್ಕೆ ಬರುತ್ತದೆ: ಪತ್ರಿಕೆಯ ಸುದ್ದಿ, ಕಂಪನಿಯ ತ್ರೈಮಾಸಿಕ ಫಲಿತಾಂಶ, ನೇಚರ್‌ನಲ್ಲಿ ಬಂದ ಸಂಶೋಧನಾ ಲೇಖನ, ಎಲ್ಲವೂ ಹೊರಬಿದ್ದ ಕೂಡಲೇ ಬೆಲೆಗೆ ಇಳಿದುಬಿಡುತ್ತವೆ. ಪ್ರಬಲ ರೂಪದಲ್ಲಿ ಗುಟ್ಟಿನ ಮಾಹಿತಿಯೂ, ಅಂದರೆ ಕಂಪನಿಯ ಒಳಗಿನವರಿಗೆ ಮಾತ್ರ ಗೊತ್ತಿರುವುದೂ ಬೆಲೆಯಲ್ಲಿ ಅಡಕವಾಗಿರುತ್ತದೆ. ಮೇಲಿನ ಮೆಟ್ಟಿಲು ನಿಜವಾದರೆ ಕೆಳಗಿನವೂ ನಿಜ. ಕೆಳಗಿನದು ಕುಸಿದರೆ ಮೇಲಿನವೂ ಕುಸಿಯುತ್ತವೆ.

ಇದನ್ನು ಪಂಡಿತರ ಕನಸು ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಇದರ ಹಿಂದಿನ ತರ್ಕ ಗಟ್ಟಿ. ಒಂದು ಷೇರು ನಾಳೆ 100 ರೂಪಾಯಿ ಆಗುತ್ತದೆಂದು ಹತ್ತು ಮಂದಿಗೆ ಖಾತ್ರಿಯಾಗಿ ಗೊತ್ತಿದ್ದರೆ ಅವರು ಇವತ್ತೇ 80ಕ್ಕೆ, 90ಕ್ಕೆ, 95ಕ್ಕೆ ಕೊಳ್ಳುತ್ತಾರೆ. ಅವರ ಪೈಪೋಟಿಯಲ್ಲಿ ಬೆಲೆ ಇವತ್ತೇ 100ರ ಹತ್ತಿರ ಹೋಗುತ್ತದೆ. ಹಾಗಾಗಿ ಗೊತ್ತಿರುವ ಸಂಗತಿಯಿಂದ ನಾಳೆ ಲಾಭ ಮಾಡಲು ಏನೂ ಉಳಿಯುವುದಿಲ್ಲ. ಇದಕ್ಕೆ ಪುರಾವೆಯೂ ಇದೆ. 1968ರಲ್ಲಿ ಮೈಕೆಲ್ ಜೆನ್ಸನ್ ಅಮೆರಿಕದ 115 ಮ್ಯೂಚುವಲ್ ಫಂಡುಗಳ ಎರಡು ದಶಕಗಳ ಸಾಧನೆಯನ್ನು ಅಳೆದು ನೋಡಿದರು. ಅವು ಹೊತ್ತ ಅಪಾಯವನ್ನು ಲೆಕ್ಕಕ್ಕೆ ಹಿಡಿದರೆ, ಪರಿಣತರೇ ನಡೆಸುತ್ತಿದ್ದ ಆ ಫಂಡುಗಳು ಒಟ್ಟಾರೆಯಾಗಿ ಮಾರುಕಟ್ಟೆಯ ಸರಾಸರಿಯನ್ನು ಮೀರಿರಲಿಲ್ಲ. ಇವತ್ತು ನಮ್ಮಲ್ಲೂ ಜನ ಕಡಿಮೆ ಶುಲ್ಕದ ಇಂಡೆಕ್ಸ್ ಫಂಡಿಗೆ ಎಸ್‌ಐಪಿ ಕಟ್ಟುತ್ತಿದ್ದರೆ ಅದರ ಹಿಂದೆ ಇಂಥ ಅಧ್ಯಯನಗಳ ಸಾಲು ಇದೆ.

ಹಾಗಾದರೆ ಎಂಟ್ರಿಮೆಡ್? ಅರೆ-ಪ್ರಬಲ ರೂಪದ ಪ್ರಕಾರ ಆ ಷೇರು ಏರಬೇಕಾದದ್ದೆಲ್ಲ 1997ರ ನವೆಂಬರಿನಲ್ಲೇ ಏರಿ ಮುಗಿಯಬೇಕಿತ್ತು. ನವೆಂಬರಿನ ಬೆಲೆ ಸರಿಯಾಗಿದ್ದರೆ ಮೇ ತಿಂಗಳ ಬೆಲೆ ತಪ್ಪು; ಮೇ ತಿಂಗಳದು ಸರಿಯಾಗಿದ್ದರೆ ಐದು ತಿಂಗಳು ಇದ್ದ ಬೆಲೆ ತಪ್ಪು. ಎರಡೂ ಸರಿ ಇರಲು ಸಾಧ್ಯವಿಲ್ಲ. ಸಿದ್ಧಾಂತದ ಪರ ಒಂದು ಮಾತು ಹೇಳಬಹುದು: ದೊಡ್ಡ ಪತ್ರಿಕೆಯ ಸಂಪಾದಕರು ಒಂದು ವರದಿಯನ್ನು ಮುಖಪುಟಕ್ಕೆ ತಂದದ್ದೇ ಒಂದು ಮಾಹಿತಿ, ತಿಳಿದವರು ಇದನ್ನು ಮಹತ್ವದ್ದೆಂದು ಎಣಿಸಿದ್ದಾರೆ ಎಂಬ ಸೂಚನೆ ಅದರಲ್ಲಿದೆ. ಇರಬಹುದು. ಆದರೆ ಕಂಪನಿಯ ಬೆಲೆಯನ್ನು ನಾಲ್ಕು ಪಟ್ಟು ಮಾಡುವಷ್ಟು ತೂಕ ಆ ಸೂಚನೆಗೆ ಇದೆಯೆಂದರೆ, ನೇಚರ್ ಓದಿ ಅರ್ಥಮಾಡಿಕೊಳ್ಳಬಲ್ಲ ಔಷಧ ಕ್ಷೇತ್ರದ ವಿಶ್ಲೇಷಕರು ಐದು ತಿಂಗಳು ಏನೂ ತಿಳಿಯದೆ ಕೂತಿದ್ದರು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಸಿದ್ಧಾಂತವನ್ನು ಉಳಿಸಹೊರಟ ವಾದ ಅದರ ಬುಡವನ್ನೇ ಅಲುಗಿಸುತ್ತದೆ.

ಒಂದು ಕಂಪನಿಯ ಕತೆಯಿಂದ ಸಿದ್ಧಾಂತ ಬೀಳುವುದಿಲ್ಲ ಎನ್ನುವವರಿಗೆ ಹೇಳಲು ಬೇರೆ ಪುರಾವೆ ಇದೆ. ಅದನ್ನು ತಿಳಿಯಬೇಕಾದರೆ ಇಂಥ ಪರೀಕ್ಷೆಯನ್ನು ಮಾಡುವ ಬಗೆ ಹೇಗೆಂದು ನೋಡಬೇಕು. ಸಂಶೋಧಕರು ಒಂದೇ ಬಗೆಯ ಘಟನೆ ನಡೆದ ನೂರಾರು ಕಂಪನಿಗಳನ್ನು ಆಯ್ದುಕೊಳ್ಳುತ್ತಾರೆ. ಫಲಿತಾಂಶ ಪ್ರಕಟಣೆ ಎಂದಿಟ್ಟುಕೊಳ್ಳೋಣ. ಪ್ರತಿ ಕಂಪನಿಯ ಘಟನೆಯ ದಿನವನ್ನು ಸೊನ್ನೆ ಎಂದು ಗುರುತು ಹಾಕುತ್ತಾರೆ, ಅದು ಯಾವ ವರ್ಷದ ಯಾವ ತಾರೀಕೇ ಆಗಿರಲಿ. ದಿನದಿನದ ಏರಿಳಿತದಿಂದ, ಅಂದು ಇಡೀ ಮಾರುಕಟ್ಟೆಯ ಜೊತೆ ಆ ಷೇರು ಸಾಮಾನ್ಯವಾಗಿ ಎಷ್ಟು ಏರಬೇಕಿತ್ತೋ ಇಳಿಯಬೇಕಿತ್ತೋ ಅದನ್ನು ಕಳೆಯುತ್ತಾರೆ. ಉಳಿದದ್ದು ಆ ಕಂಪನಿಗೇ ಸೇರಿದ ಚಲನೆ. ಅದನ್ನು ಎಲ್ಲ ಕಂಪನಿಗಳಿಗೂ ಸರಾಸರಿ ಮಾಡಿ, ದಿನದಿಂದ ದಿನಕ್ಕೆ ಕೂಡಿಸುತ್ತ ಗೆರೆ ಎಳೆಯುತ್ತಾರೆ. ಮಾರುಕಟ್ಟೆ ದಕ್ಷವಾಗಿದ್ದರೆ ಗೆರೆ ಸೊನ್ನೆ ದಿನದಲ್ಲಿ ಥಟ್ಟನೆ ಮೇಲಕ್ಕೋ ಕೆಳಕ್ಕೋ ಜಿಗಿದು, ಆಮೇಲೆ ಮಟ್ಟಸವಾಗಬೇಕು. ಫಾಮಾ ಮತ್ತು ಸಂಗಡಿಗರು 1969ರಲ್ಲಿ 940 ಷೇರು ವಿಭಜನೆಗಳನ್ನು ತಿಂಗಳ ಲೆಕ್ಕದಲ್ಲಿ ಹೀಗೆ ಪರಿಶೀಲಿಸಿದಾಗ, ವಿಭಜನೆಯ ತನಕ ಏರಿದ ಗೆರೆ ಅಲ್ಲಿಂದಾಚೆ ನಿಜವಾಗಿಯೂ ಮಟ್ಟಸವಾಗಿತ್ತು. ಸಿದ್ಧಾಂತಕ್ಕೆ ಅದು ದೊಡ್ಡ ಗೆಲುವು.

ಆದರೆ ಕಂಪನಿಗಳ ಲಾಭದ ಪ್ರಕಟಣೆಗೆ ಬಂದಾಗ ಗೆರೆ ಮಟ್ಟಸವಾಗಲಿಲ್ಲ. 1968ರಲ್ಲೇ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಇದರ ಸುಳಿವು ಕಂಡಿದ್ದರು. 1989ರಲ್ಲಿ ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ ಅದನ್ನು ಬಿಗಿಯಾಗಿ ಅಳೆದರು. ನಿರೀಕ್ಷೆಗಿಂತ ತುಂಬಾ ಒಳ್ಳೆಯ ಲಾಭ ತೋರಿಸಿದ ಹತ್ತನೇ ಒಂದು ಭಾಗದ ಕಂಪನಿಗಳನ್ನು ಒಂದು ಕಡೆ, ತುಂಬಾ ಕೆಟ್ಟ ಫಲಿತಾಂಶ ಕೊಟ್ಟ ಹತ್ತನೇ ಒಂದು ಭಾಗವನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ, ಪ್ರಕಟಣೆಯ ನಂತರದ 60 ವಹಿವಾಟಿನ ದಿನಗಳಲ್ಲಿ ಎರಡರ ನಡುವೆ ಸುಮಾರು ಶೇ 4ರಷ್ಟು ಅಂತರ ಬೆಳೆಯುತ್ತ ಹೋಗಿತ್ತು. ಒಳ್ಳೆಯ ಸುದ್ದಿಯವು ನಿಧಾನವಾಗಿ ಏರುತ್ತಲೇ ಇದ್ದವು, ಕೆಟ್ಟ ಸುದ್ದಿಯವು ಇಳಿಯುತ್ತಲೇ ಇದ್ದವು. ಲಾಭದ ಅಂಕಿ ಗುಟ್ಟಿನದಲ್ಲ. ಎಲ್ಲರಿಗೂ ಒಂದೇ ದಿನ ಸಿಗುವ ಮಾಹಿತಿ. ಅದು ಬೆಲೆಗೆ ಇಳಿಯಲು ತಿಂಗಳುಗಳೇ ಹಿಡಿಯುತ್ತಿದ್ದವು. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಮುಂದಿನ ತ್ರೈಮಾಸಿಕ ಫಲಿತಾಂಶ ಬರುವ ದಿನಗಳಲ್ಲೇ ಈ ಚಲನೆಯ ದೊಡ್ಡದೊಂದು ಪಾಲು ಕಾಣಿಸಿಕೊಳ್ಳುತ್ತಿತ್ತು. ಈ ತ್ರೈಮಾಸಿಕ ಚೆನ್ನಾಗಿದ್ದರೆ ಮುಂದಿನದೂ ಚೆನ್ನಾಗಿರುವ ಸಂಭವ ಹೆಚ್ಚು ಎಂಬ ಸರಳ ಸಂಗತಿಯನ್ನು ಹೂಡಿಕೆದಾರರು ಪೂರ್ತಿಯಾಗಿ ಗಣಿಸಿರಲಿಲ್ಲ, ಮುಂದಿನ ಫಲಿತಾಂಶ ಬಂದಾಗ ಅವರಿಗೆ ಮತ್ತೆ ಅಚ್ಚರಿಯಾಗುತ್ತಿತ್ತು.

ಇಲ್ಲಿ ಸಿದ್ಧಾಂತದ ಪರ ಇರುವವರ ಕೈಯಲ್ಲಿ ಒಂದು ಬಲವಾದ ಉತ್ತರವಿದೆ, ಅದನ್ನು ಫಾಮಾ ಅವರೇ ಪದೇ ಪದೇ ಒತ್ತಿ ಹೇಳಿದ್ದಾರೆ. ಷೇರು ‘ಸಾಮಾನ್ಯವಾಗಿ’ ಎಷ್ಟು ಏರಬೇಕಿತ್ತು ಎಂದು ನಿಮಗೆ ಹೇಗೆ ಗೊತ್ತು? ಅದಕ್ಕೆ ಒಂದು ಸೂತ್ರ ಬೇಕು; ಹೆಚ್ಚು ಅಪಾಯದ ಷೇರಿಗೆ ಹೆಚ್ಚು ಪ್ರತಿಫಲ ಎಂದು ಅಳೆಯುವ ಸೂತ್ರ. ಆ ಸೂತ್ರವೇ ತಪ್ಪಾಗಿದ್ದರೆ? ನೀವು ಕಂಡ ಹೆಚ್ಚುವರಿ ಲಾಭ ಮಾರುಕಟ್ಟೆಯ ತಪ್ಪಲ್ಲ, ನೀವು ಅಳೆಯದೇ ಬಿಟ್ಟ ಅಪಾಯಕ್ಕೆ ಸಂದ ಕೂಲಿ. ದಕ್ಷತೆಯನ್ನು ಒಂಟಿಯಾಗಿ ಪರೀಕ್ಷಿಸಲು ಬರುವುದಿಲ್ಲ, ಅದನ್ನೂ ಸೂತ್ರವನ್ನೂ ಜೋಡಿಯಾಗಿಯೇ ಪರೀಕ್ಷಿಸಬೇಕಾಗುತ್ತದೆ. ಪರೀಕ್ಷೆ ಸೋತರೆ ಸೋತದ್ದು ಎರಡರಲ್ಲಿ ಯಾವುದೆಂದು ಹೇಳಲಾಗದು. ಇದು ನ್ಯಾಯವಾದ ಆಕ್ಷೇಪ. ಆದರೆ ಇದಕ್ಕೊಂದು ಬೆಲೆಯೂ ಇದೆ. ಯಾವ ಪುರಾವೆ ಬಂದರೂ ‘ಅದು ಅಳೆಯದ ಅಪಾಯ’ ಎಂದು ಹೇಳಲು ಬರುವುದಾದರೆ, ಸಿದ್ಧಾಂತ ಸರಿಯೋ ತಪ್ಪೋ ಎಂದು ಕೇಳುವುದಕ್ಕೇ ಅರ್ಥ ಉಳಿಯುವುದಿಲ್ಲ. ಹಾಗಾಗಿ ಯಾವ ಸೂತ್ರದ ಹಂಗೂ ಇಲ್ಲದ ಒಂದು ಪ್ರಕರಣ ಬೇಕು. ಅಪಾಯವನ್ನು ಅಳೆಯಬೇಕಾಗಿಲ್ಲದ, ಗುಣಾಕಾರ ಬಂದರೆ ಸಾಕೆನ್ನುವಂಥದ್ದು. 2000ನೇ ಇಸವಿಯ ಮಾರ್ಚಿನಲ್ಲಿ ಅದು ಸಿಕ್ಕಿತು.

ತ್ರೀಕಾಮ್ ಎಂಬುದು ಕಂಪ್ಯೂಟರ್ ಜಾಲದ ಉಪಕರಣಗಳನ್ನು ಮಾಡುತ್ತಿದ್ದ ಅಮೆರಿಕದ ಕಂಪನಿ. ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದ ಪಾಮ್ ಅದರದೇ ಒಂದು ಅಂಗ. ಪಾಮ್ ಅನ್ನು ಬೇರೆ ಕಂಪನಿಯಾಗಿ ಬಿಡಿಸಲು ತ್ರೀಕಾಮ್ ನಿರ್ಧರಿಸಿತು. ಮಾರ್ಚ್ 2ರಂದು ಪಾಮ್‌ನ ಸುಮಾರು ಶೇ 5ರಷ್ಟು ಷೇರನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟಿತು, ಉಳಿದ ಶೇ 95 ತನ್ನಲ್ಲೇ ಇಟ್ಟುಕೊಂಡಿತು. ಆ ಶೇ 95ನ್ನು ವರ್ಷಾಂತ್ಯದೊಳಗೆ ತನ್ನ ಷೇರುದಾರರಿಗೆ ಹಂಚುವುದಾಗಿಯೂ ಪ್ರಕಟಿಸಿತು. ತೆರಿಗೆ ಇಲಾಖೆಯ ಒಪ್ಪಿಗೆ ಬರುವುದೊಂದೇ ಬಾಕಿ. ತ್ರೀಕಾಮ್‌ನ ಒಂದು ಷೇರು ಇಟ್ಟುಕೊಂಡವರಿಗೆ ಪಾಮ್‌ನ ಸುಮಾರು ಒಂದೂವರೆ ಷೇರು, ಲೆಕ್ಕ ಹಾಕಿ ಹೇಳಿದರೆ 1.525 ಷೇರು ಸಿಗಬೇಕಿತ್ತು.

ಈಗ ಲೆಕ್ಕ ನೋಡಿ. ಪಾಮ್ ಷೇರನ್ನು ಐಪಿಒದಲ್ಲಿ 38 ಡಾಲರಿಗೆ ಕೊಡಲಾಗಿತ್ತು. ಮೊದಲ ದಿನವೇ ಅದು 165ರವರೆಗೆ ಹೋಗಿ 95 ಡಾಲರ್ 6 ಸೆಂಟಿಗೆ ನಿಂತಿತು. ಇದನ್ನು 1.525ರಿಂದ ಗುಣಿಸಿದರೆ 145 ಡಾಲರ್. ಅಂದರೆ ತ್ರೀಕಾಮ್‌ನ ಒಂದು ಷೇರಿನೊಳಗೆ ಪಾಮ್‌ನ ಪಾಲೇ 145 ಡಾಲರ್ ಬಾಳುತ್ತಿತ್ತು. ಅದಲ್ಲದೆ ತ್ರೀಕಾಮ್‌ಗೆ ಲಾಭ ತರುತ್ತಿದ್ದ ಸ್ವಂತ ವ್ಯವಹಾರವಿತ್ತು, ಷೇರೊಂದಕ್ಕೆ 10 ಡಾಲರಿಗೂ ಹೆಚ್ಚು ನಗದು ಮತ್ತು ಹೂಡಿಕೆಗಳಿದ್ದವು. ಹಾಗಾಗಿ ತ್ರೀಕಾಮ್ ಷೇರು 145ಕ್ಕಿಂತ ಸಾಕಷ್ಟು ಮೇಲಿರಬೇಕಿತ್ತು. ಆದರೆ ಹಿಂದಿನ ದಿನ 104 ಡಾಲರ್ ಇದ್ದದ್ದು ಅಂದು ಇಳಿದು 81 ಡಾಲರ್ 81 ಸೆಂಟಿಗೆ ಬಂತು. ಪಾಮ್ ಹೊರತಾದ ತ್ರೀಕಾಮ್‌ನ ವ್ಯವಹಾರಕ್ಕೆ ಮಾರುಕಟ್ಟೆ ಕಟ್ಟಿದ ಬೆಲೆ ಷೇರಿಗೆ ಸೊನ್ನೆಗಿಂತ 63 ಡಾಲರ್ ಕೆಳಗೆ. ಇಡೀ ಕಂಪನಿಗೆ ಲೆಕ್ಕ ಹಾಕಿದರೆ 2,200 ಕೋಟಿ ಡಾಲರಿನಷ್ಟು ಋಣ. ಒಂದೂವರೆ ಸೇರು ಅಕ್ಕಿಯ ಜೊತೆ ಒಂದಿಷ್ಟು ಬೇಳೆ, ಕೈಗಾಸು ಎಲ್ಲ ಇರುವ ಚೀಲ ಒಂದು ಅಂಗಡಿಯಲ್ಲಿ, ಬರೀ ಒಂದೂವರೆ ಸೇರು ಅಕ್ಕಿ ಪಕ್ಕದ ಅಂಗಡಿಯಲ್ಲಿ. ಜನ ಬರೀ ಅಕ್ಕಿಗೇ ಹೆಚ್ಚು ದುಡ್ಡು ಕೊಟ್ಟು ಒಯ್ಯುತ್ತಿದ್ದರು.

ಷೇರಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗಲು ಬರುವುದಿಲ್ಲ, ಏಕೆಂದರೆ ಕಂಪನಿ ಮುಳುಗಿದರೂ ಷೇರುದಾರ ತಾನು ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿ ಅಳೆಯದ ಅಪಾಯದ ಮಾತು ನಡೆಯುವುದಿಲ್ಲ. ಹಂಚಿಕೆಗೆ ತೆರಿಗೆ ಇಲಾಖೆ ಒಪ್ಪದಿದ್ದರೆ ಎಂಬ ಸಣ್ಣ ಸಂಶಯವೊಂದಿತ್ತು ನಿಜ. ಆದರೆ ಆಗಲೂ ಆ ಶೇ 95 ಪಾಮ್ ಷೇರುಗಳು ತ್ರೀಕಾಮ್ ಕೈಯಲ್ಲೇ ಇರುತ್ತಿದ್ದವಲ್ಲ, ಅವುಗಳ ಮೌಲ್ಯ ಎಲ್ಲಿಗೂ ಹೋಗುತ್ತಿರಲಿಲ್ಲ. ವಿಷಯ ಗುಟ್ಟಿನದೂ ಅಲ್ಲ. ಮರುದಿನದ ಪತ್ರಿಕೆಗಳೇ ಈ ವಿಪರೀತವನ್ನು ಬರೆದವು. ಆದರೂ ಅದು ಸರಿಹೋಗಲು ಸುಮಾರು ಎರಡು ತಿಂಗಳು ಹಿಡಿಯಿತು.

ಯಾಕೆ? ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಹತ್ತು ಮಂದಿ ತಿಳಿದವರ ಪೈಪೋಟಿಯಿಂದ ಬೆಲೆ ಸರಿಹೋಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಆ ತರ್ಕ ಇಲ್ಲಿ ನಡೆಯಬೇಕಾದರೆ ಅವರು ಅಗ್ಗವಾದ ತ್ರೀಕಾಮ್ ಕೊಂಡರೆ ಸಾಲದು, ದುಬಾರಿಯಾದ ಪಾಮ್ ಅನ್ನು ಮಾರಲೂ ಬೇಕು. ತಮ್ಮಲ್ಲಿಲ್ಲದ ಷೇರನ್ನು ಮಾರುವುದಕ್ಕೆ ಶಾರ್ಟ್ ಸೆಲ್ಲಿಂಗ್ ಎನ್ನುತ್ತಾರೆ. ಅದಕ್ಕೆ ಮೊದಲು ಯಾರಿಂದಲಾದರೂ ಷೇರನ್ನು ಎರವಲು ಪಡೆಯಬೇಕು, ಮಾರಬೇಕು, ಬೆಲೆ ಇಳಿದ ಮೇಲೆ ಕೊಂಡು ಹಿಂದಿರುಗಿಸಬೇಕು. ಎರವಲು ಕೊಡುವವರು ಸಾಮಾನ್ಯವಾಗಿ ಷೇರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ದೊಡ್ಡ ಸಂಸ್ಥೆಗಳು. ಆದರೆ ಪಾಮ್‌ನ ಶೇ 5 ಮಾತ್ರ ಹೊರಗಿತ್ತು, ಅದರಲ್ಲೂ ಬಹುಪಾಲು ಏರಿಕೆಯ ಆಸೆಯಿಂದ ಕೊಂಡ ಚಿಲ್ಲರೆ ಹೂಡಿಕೆದಾರರ ಕೈಯಲ್ಲಿತ್ತು. ಬ್ರೋಕರನ್ನು ಕೇಳಿದರೆ ಷೇರಿಲ್ಲ ಎಂಬ ಉತ್ತರ. ಸಿಕ್ಕವರಿಗೂ ಬಾಡಿಗೆ ವಿಪರೀತ. ಎರವಲು ಕೊಟ್ಟವರು ಯಾವಾಗ ಬೇಕಾದರೂ ವಾಪಸು ಕೇಳಬಹುದು ಎಂಬ ಭಯ ಬೇರೆ. ಹೇಗೋ ಸಿಕ್ಕ ಷೇರುಗಳೇ ಕೈಯಿಂದ ಕೈಗೆ ಮತ್ತೆ ಮತ್ತೆ ಎರವಲಾದವು. ಕೊನೆಕೊನೆಗೆ ಶಾರ್ಟ್ ಮಾಡಿದ ಷೇರುಗಳ ಲೆಕ್ಕ, ಮಾರುಕಟ್ಟೆಗೆ ಬಂದಿದ್ದ ಪಾಮ್ ಷೇರುಗಳ ಒಟ್ಟು ಸಂಖ್ಯೆಯನ್ನೇ ಮೀರಿತ್ತು. ಅಷ್ಟಾದ ಮೇಲೆ, ಮೇ ತಿಂಗಳ ಹೊತ್ತಿಗೆ ಬೆಲೆಗಳು ಒಂದಕ್ಕೊಂದು ಹೊಂದುವಂತಾದವು. ಇದನ್ನು ದಾಖಲಿಸಿದವರು ಓವನ್ ಲ್ಯಾಮಂಟ್ ಮತ್ತು ರಿಚರ್ಡ್ ಥೇಲರ್.

ಹಾಗಾಗಿ ಪಾಮ್ ಪ್ರಕರಣ ಒಟ್ಟಿಗೇ ಎರಡು ಸಂಗತಿ ಹೇಳುತ್ತದೆ. ಬೆಲೆ ತಪ್ಪಾಗಿತ್ತು, ಕಣ್ಣಿಗೆ ಕಾಣುವಷ್ಟು ತಪ್ಪಾಗಿತ್ತು. ಆದರೂ ಅದರಿಂದ ಸುಲಭಕ್ಕೆ ಲಾಭ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ದಕ್ಷ ಮಾರುಕಟ್ಟೆ ಸಿದ್ಧಾಂತ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದೆ: ‘ಮಾರುಕಟ್ಟೆಯನ್ನು ಮೀರಿಸಲಾಗದು’ ಎನ್ನುವುದನ್ನೂ ‘ಬೆಲೆ ಸರಿಯಾಗಿದೆ’ ಎನ್ನುವುದನ್ನೂ. ಮೊದಲನೆಯದಕ್ಕೆ ಪುರಾವೆ ಕಂಡಾಗಲೆಲ್ಲ ಎರಡನೆಯದೂ ಸಾಬೀತಾಯಿತೆಂದು ತಿಳಿಯಲಾಯಿತು. ಮ್ಯೂಚುವಲ್ ಫಂಡುಗಳು ಸರಾಸರಿಯನ್ನು ಮೀರಲಿಲ್ಲ, ಆದ್ದರಿಂದ ಬೆಲೆಗಳು ಸರಿಯಾಗಿವೆ ಎಂಬ ತೀರ್ಮಾನಕ್ಕೆ ದಾರಿಯೇ ಇಲ್ಲ. ಬೆಲೆ ತಪ್ಪಿದ್ದೂ, ಅದು ಯಾವಾಗ ಸರಿಹೋಗುತ್ತದೆಂದು ಗೊತ್ತಿಲ್ಲದ ಕಾರಣಕ್ಕೋ, ಸರಿಪಡಿಸುವ ಖರ್ಚು ಹೆಚ್ಚೆಂಬ ಕಾರಣಕ್ಕೋ ಯಾರಿಗೂ ಲಾಭ ಸಿಗದಿರಬಹುದು. ಸಿದ್ಧಾಂತದ ವಿರುದ್ಧ ನನ್ನ ಮುಖ್ಯ ತಕರಾರು ಇದೇ.

ಈ ಬೆಳಕಿನಲ್ಲಿ ಉಳಿದೆರಡು ರೂಪಗಳನ್ನು ನೋಡಿ. ದುರ್ಬಲ ರೂಪಕ್ಕೂ ವಿರುದ್ಧ ಪುರಾವೆ ಇದೆ. ನರಸಿಂಹನ್ ಜೆಗದೀಶ್ ಮತ್ತು ಶೆರಿಡನ್ ಟಿಟ್ಮನ್ 1993ರಲ್ಲಿ ತೋರಿಸಿದಂತೆ, ಹಿಂದಿನ ಆರು ತಿಂಗಳಲ್ಲಿ ಚೆನ್ನಾಗಿ ಏರಿದ ಷೇರುಗಳನ್ನು ಕೊಂಡು, ಇಳಿದವನ್ನು ಮಾರಿ ಆರು ತಿಂಗಳು ಇಟ್ಟುಕೊಂಡಿದ್ದರೆ, ಅವರು ಪರಿಶೀಲಿಸಿದ ಕಾಲದಲ್ಲಿ ವರ್ಷಕ್ಕೆ ಸುಮಾರು ಶೇ 12 ಹೆಚ್ಚುವರಿ ಸಿಗುತ್ತಿತ್ತು. ಅಂದರೆ ಹಿಂದಿನ ಬೆಲೆಗಳಲ್ಲೂ ಮುಂದಿನದರ ಸುಳಿವು ಇತ್ತು. ಆದರೆ ಇಂಥ ಸುಳಿವು ಬಾಳಿಕೆ ಬರುವುದು ಕಷ್ಟ. ಡೇವಿಡ್ ಮೆಕ್ಲೀನ್ ಮತ್ತು ಜೆಫ್ರಿ ಪಾಂಟಿಫ್ ಎಂಬ ಸಂಶೋಧಕರು, ಪ್ರಕಟವಾದ ಇಂಥ 97 ಸೂತ್ರಗಳನ್ನು ಮತ್ತೆ ಪರಿಶೀಲಿಸಿ 2016ರಲ್ಲಿ ಬರೆದರು: ಸಂಶೋಧನೆ ಪ್ರಕಟವಾದ ಮೇಲೆ ಅವುಗಳ ಪ್ರತಿಫಲ ಸರಾಸರಿ ಶೇ 58ರಷ್ಟು ಕುಗ್ಗಿತ್ತು. ಒಂದು ಪಾಲು ಮೊದಲಿನ ಲೆಕ್ಕದಲ್ಲೇ ಅದೃಷ್ಟದಿಂದ ಉಬ್ಬಿ ಕಂಡದ್ದು. ಇನ್ನೊಂದು ಪಾಲನ್ನು ಲೇಖನ ಓದಿದ ಹೂಡಿಕೆದಾರರೇ ತಿಂದುಹಾಕಿದ್ದು.

ಇಷ್ಟು ತಿಳಿಯದೆ, ‘ಮಾರುಕಟ್ಟೆ ದಕ್ಷವಲ್ಲವಂತೆ, ಹಾಗಾದರೆ ಚಾರ್ಟ್ ನೋಡಿ ಗೆಲ್ಲಬಹುದು’ ಎಂದು ಹೊರಡುವವರನ್ನು ಕಂಡರೆ ಸಂಕಟವಾಗುತ್ತದೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಷೇರುಗಳ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವಹಿವಾಟಿಗೆ ಇಳಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ 93 ಮಂದಿ ಮೂರು ಹಣಕಾಸು ವರ್ಷಗಳಲ್ಲಿ ನಷ್ಟ ಮಾಡಿಕೊಂಡರು; ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಮಾರುಕಟ್ಟೆ ತಪ್ಪುತ್ತದೆ ಎಂಬುದು ಬೇರೆ, ಅದು ತಪ್ಪಿದ್ದನ್ನು ನಾನು ಎಲ್ಲರಿಗಿಂತ ಮೊದಲು ಹಿಡಿಯುತ್ತೇನೆ ಎಂಬುದು ಬೇರೆ.

ಪ್ರಬಲ ರೂಪದ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಅದನ್ನು ಅಕ್ಷರಶಃ ನಂಬಿದವರು ಬಹಳ ಮಂದಿಯಿಲ್ಲ. ನಮ್ಮ ನೆರೆಯ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಒಂದೇ ಸಾಕು. 2009ರ ಜನವರಿ 7ರಂದು ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಅಂದು 40 ರೂಪಾಯಿಗೆ ಬಂತು. ಒಳಗಿನವರಿಗೆ ವರ್ಷಗಳಿಂದ ಗೊತ್ತಿದ್ದ ಸತ್ಯ ಬೆಲೆಯಲ್ಲಿ ಎಷ್ಟು ಇತ್ತು ಎಂಬುದಕ್ಕೆ ಆ ಒಂದು ದಿನದ ಕುಸಿತವೇ ಅಳತೆ. ಒಳಗಿನ ಮಾಹಿತಿ ಇಟ್ಟುಕೊಂಡು ವ್ಯವಹರಿಸುವುದನ್ನು ಸೆಬಿ ನಿಷೇಧಿಸಿರುವುದೂ, ಆ ಮಾಹಿತಿ ಬೆಲೆಯಲ್ಲಿ ಇರುವುದಿಲ್ಲ ಎಂಬ ತಿಳಿವಳಿಕೆಯಿಂದಲೇ.

ಬೆಲೆ ತಪ್ಪಿದರೂ ಯಾರಿಗೂ ಅದರಿಂದ ಗಳಿಸಲಾಗದಿದ್ದರೆ, ಇದು ಪಂಡಿತರ ಜಗಳವಲ್ಲವೇ, ನಮಗೇನು ಎಂದು ಕೇಳಬಹುದು. ಗಳಿಸಲು ಆಗದಿರಬಹುದು, ಕಳೆದುಕೊಳ್ಳಲು ಏನೂ ಅಡ್ಡಿಯಿಲ್ಲ. ಕಂಪನಿಗಳು ಷೇರಿನ ಬೆಲೆಯನ್ನೇ ಹಣದಂತೆ ಬಳಸುತ್ತವೆ: ನೌಕರರಿಗೆ ಸಂಬಳದ ಪಾಲಾಗಿ ಕೊಡುತ್ತವೆ, ಬೇರೆ ಕಂಪನಿಯನ್ನು ಕೊಳ್ಳಲು ಕೊಡುತ್ತವೆ. ಪಾಮ್ ಮಾರುಕಟ್ಟೆಗೆ ಬರುವ ಎರಡು ತಿಂಗಳ ಮುಂಚೆ, 2000ದ ಜನವರಿಯಲ್ಲಿ, ಎಒಎಲ್ ಎಂಬ ಇಂಟರ್‌ನೆಟ್ ಕಂಪನಿ ಟೈಮ್ ವಾರ್ನರ್ ಎಂಬ ಹಳೆಯ ಮಾಧ್ಯಮ ಸಂಸ್ಥೆಯನ್ನು ಕೊಳ್ಳುವುದಾಗಿ ಘೋಷಿಸಿತು. ಕೊಟ್ಟದ್ದು ನಗದಲ್ಲ, ಆ ಕಾಲದ ಉಬ್ಬರದಲ್ಲಿ ಮುಗಿಲು ಮುಟ್ಟಿದ್ದ ತನ್ನ ಷೇರುಗಳನ್ನು. ಪತ್ರಿಕೆ, ಸಿನಿಮಾ, ಕೇಬಲ್ ಟಿವಿ ಎಲ್ಲ ಇದ್ದ ಟೈಮ್ ವಾರ್ನರ್‌ನ ಷೇರುದಾರರಿಗೆ ಒಂದಾದ ಕಂಪನಿಯಲ್ಲಿ ಶೇ 45 ಪಾಲು, ಎಒಎಲ್‌ನವರಿಗೆ ಶೇ 55. ಈ ಪಾಲು ನಿಗದಿಯಾದದ್ದು ಅಂದಿನ ಪೇಟೆಯ ಬೆಲೆಗಳನ್ನು ಮುಂದಿಟ್ಟುಕೊಂಡೇ. ಆ ಬೆಲೆ ಸರಿಯೆಂದು ನಂಬಿ ಟೈಮ್ ವಾರ್ನರ್‌ನ ಷೇರುದಾರರು ವಿಲೀನಕ್ಕೆ ಒಪ್ಪಿದರು. ಒಂದಾದ ಕಂಪನಿ 2002ನೇ ವರ್ಷದ ಲೆಕ್ಕದಲ್ಲಿ ತೋರಿಸಿದ ನಷ್ಟ ಸುಮಾರು 9,900 ಕೋಟಿ ಡಾಲರ್. ಅದರ ಬಹುದೊಡ್ಡ ಭಾಗ, ಆ ಷೇರುಗಳ ಬೆಲೆಯ ಆಧಾರದ ಮೇಲೆ ಪುಸ್ತಕದಲ್ಲಿ ಬರೆದುಕೊಂಡಿದ್ದ ಮೌಲ್ಯವನ್ನು ಇಲ್ಲವೆಂದು ಹೊಡೆದುಹಾಕಿದ್ದು.